ಡಯಾಲಿಸಿಸ್ ಇರುವವರ ವ್ಯಾಯಾಮ: ಎಷ್ಟು ಅನ್ನೋದಕ್ಕಿಂತ ಯಾವಾಗ ಅನ್ನೋದು ಮುಖ್ಯ

ಪ್ರಶ್ನೆ: ಮೇಡಂ, ನಮ್ಮ ಅಪ್ಪನಿಗೆ 57 ವರ್ಷ. ಆಳಂದ ತಾಲೂಕಿನಲ್ಲಿ ನಮ್ಮದು ತೊಗರಿ ಹೊಲ. ಶುಗರ್‌ನಿಂದ ಕಿಡ್ನಿ ಹೋಗಿ, 8 ತಿಂಗಳಿಂದ ಕಲಬುರಗಿಯಲ್ಲಿ ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್ ಮಾಡಿಸುತ್ತಿದ್ದೇವೆ. ಡಯಾಲಿಸಿಸ್ ಸೂಜಿ ಹಾಕಲು ಎಡಗೈಯ ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿದ್ದಾರೆ. ಡ್ರೈ ವೇಟ್, ಅಂದರೆ ಹೆಚ್ಚಿನ ನೀರು ತೆಗೆದ ಮೇಲೆ ಇರಬೇಕಾದ ತೂಕ, 58 ಕೆಜಿ. ಮೊದಲು ದಿನವಿಡೀ ಹೊಲದಲ್ಲಿ ಇರುತ್ತಿದ್ದವರು ಈಗ ನೆಲದಿಂದ ಏಳಲೂ ಕೈ ಹಿಡೀಬೇಕು. ಡಾಕ್ಟರ್ ವಾಕಿಂಗ್ ಮಾಡಿಸಿ ಅಂದರು. ಹೋದ ಸೋಮವಾರ ಡಯಾಲಿಸಿಸ್‌ಗೆ ಹೊರಡುವ ಮುಂಚೆ ಮುಂಜಾನೆ ನಡೆಸಿದೆ. ಅರ್ಧ ದಾರಿಯಲ್ಲೇ ಉಸಿರು ಕಟ್ಟಿ ಕೂತುಬಿಟ್ಟರು. ಆವತ್ತು ತೂಕ 61.4 ಇತ್ತು. ಈಗ ಮನೆಯಲ್ಲಿ ಎಲ್ಲರೂ ನನಗೇ ಬೈಯುತ್ತಾರೆ, ಕಿಡ್ನಿ ಹೋದವರು ಮಲಗೇ ಇರಬೇಕು ಅಂತಾರೆ. ಡಯಾಲಿಸಿಸ್ ಸಿಸ್ಟರ್ ನೋಡಿದರೆ ಸೂಜಿ ಹಾಕಿದ್ದಾಗಲೇ ಮಲಗಿಕೊಂಡು ಪೆಡಲ್ ತುಳಿಯಬಹುದು ಅಂತಾರೆ. ಇದರಲ್ಲಿ ಯಾವುದು ಸರಿ?

ಉತ್ತರ: ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು "ಸೋಮವಾರ" ಅನ್ನೋ ಪದದ ಮೇಲೆ. ನಡೆಸಿದ್ದು ತಪ್ಪಲ್ಲ. ಆರಿಸಿಕೊಂಡ ಹೊತ್ತು ಮಾತ್ರ ಇಡೀ ವಾರದಲ್ಲೇ ಕೆಟ್ಟ ಹೊತ್ತು.

ಲೆಕ್ಕ ಹಾಕಿ ನೋಡಿ. ಶುಕ್ರವಾರ ಮಧ್ಯಾಹ್ನ ಮಷಿನ್‌ನಿಂದ ಬಿಡಿಸಿದ ಮೇಲೆ ಸೋಮವಾರ ಮುಂಜಾನೆಯವರೆಗೆ ಸುಮಾರು ಎರಡೂ ಮುಕ್ಕಾಲು ದಿನ ಅವರ ರಕ್ತ ಶುದ್ಧವಾಗಿಲ್ಲ. ವಾರದ ಉಳಿದ ಬಿಡುವುಗಳು ಇಷ್ಟು ಉದ್ದ ಇರುವುದಿಲ್ಲ. 58 ಇರಬೇಕಾದ ತೂಕ 61.4 ಆಗಿತ್ತು ಅಂದರೆ ಮೈಯಲ್ಲಿ 3.4 ಲೀಟರ್‌ನಷ್ಟು ನೀರು ಜಾಸ್ತಿ ಇತ್ತು. ಮೂರು ಬಾಟಲಿಗೂ ಹೆಚ್ಚು ನೀರನ್ನು ರಕ್ತನಾಳದಲ್ಲಿ, ಕಾಲಲ್ಲಿ, ಪುಪ್ಪುಸದಲ್ಲಿ ತುಂಬಿಕೊಂಡು ಅವರು ನಡೆಯುತ್ತಿದ್ದರು. ಉಸಿರು ಕಟ್ಟದೆ ಇನ್ನೇನು? ಇದರ ಜೊತೆಗೆ ಪೊಟ್ಯಾಸಿಯಮ್ ಕೂಡ ಆ ಹೊತ್ತಿಗೆ ಏರಿರುತ್ತದೆ. ಸ್ನಾಯು ಕೆಲಸ ಮಾಡುವಾಗ ತನ್ನೊಳಗಿನ ಪೊಟ್ಯಾಸಿಯಮ್ ಸ್ವಲ್ಪ ಹೊರಗೆ ಬಿಡುತ್ತದೆ. ಕಿಡ್ನಿ ಸರಿ ಇದ್ದವರಿಗೆ ಅದು ಲೆಕ್ಕಕ್ಕೇ ಇಲ್ಲ. ಇವರಿಗೆ ಮೊದಲೇ ತುಂಬಿದ ಕೊಡಕ್ಕೆ ಇನ್ನೊಂದು ಚಂಬು ಹಾಕಿದ ಹಾಗೆ. ಹೃದಯದ ಬಡಿತ ತಪ್ಪಬಹುದು. ಡಯಾಲಿಸಿಸ್‌ನವರಲ್ಲಿ ಹೃದಯದ ತೊಂದರೆಗಳು ಈ ದೊಡ್ಡ ಬಿಡುವಿನ ಕೊನೆಯಲ್ಲೇ ಜಾಸ್ತಿ ಆಗುತ್ತವೆ ಅನ್ನೋದು ಚೆನ್ನಾಗಿ ಗೊತ್ತಿರುವ ವಿಷಯ.

ಹಾಗಂತ ಆ ಉಸಿರುಕಟ್ಟನ್ನು ಬರೀ ನೀರಿನ ಲೆಕ್ಕಕ್ಕೆ ಬರೆದು ಮರೆಯಬೇಡಿ. ಅವರಿಗೆ ಶುಗರ್ ಇದೆ. ಶುಗರ್ ಇರುವವರಿಗೆ ಹೃದಯದ ತೊಂದರೆ ಎದೆನೋವೇ ಇಲ್ಲದೆ, ಬರೀ ಉಸಿರುಕಟ್ಟಾಗಿ ಬರಬಹುದು. ನಾಳೆಯೇ ನಿಮ್ಮ ಕಿಡ್ನಿ ಡಾಕ್ಟರ್‌ಗೆ ಈ ಘಟನೆ ಹೇಳಿ. ಇಸಿಜಿ, ಎಕೋ ಇತ್ತೀಚೆಗೆ ಆಗಿಲ್ಲ ಅಂದರೆ ಮಾಡಿಸಿ. ಕಣ್ಣಿನ ಹಿಂಪರದೆ ಕೂಡ ತೋರಿಸಿ. ಅಲ್ಲಿ ರಕ್ತ ಸೋರುತ್ತಿದ್ದರೆ ತಿಣುಕುವ ಕೆಲಸ, ಉಸಿರು ಬಿಗಿ ಹಿಡಿಯುವ ಕೆಲಸ ಯಾವುದೂ ಬೇಡ. ಹಿಮೋಗ್ಲೋಬಿನ್ ಎಷ್ಟಿದೆ ಅಂತಲೂ ಕೇಳಿ. 10ರ ಆಸುಪಾಸು ಇದ್ದರೆ ಸಾಮಾನ್ಯವಾಗಿ ಶುರು ಮಾಡಬಹುದು. 7 ಇದ್ದರೆ ಮೊದಲು ಅದರ ಇಂಜೆಕ್ಷನ್, ಕಬ್ಬಿಣಾಂಶದ ಕೆಲಸ ಆಗಲಿ. ಇಷ್ಟು ಮುಗಿಯುವವರೆಗೆ ಮನೆಯೊಳಗಿನ ಓಡಾಟ ಸಾಕು. ನಾನು ಮುಂದೆ ಬರೆದಿರೋದೆಲ್ಲ ಅದರ ನಂತರದ್ದು.

ಇನ್ನು ಮನೆಯವರ ಮಾತು. ಅವರಿಗೆ ಭಯ ಇದೆ, ಅದು ಸಹಜ. ಆದರೆ ನಿಮ್ಮ ಅಪ್ಪ ನೆಲದಿಂದ ಏಳಲಾಗದೆ ಇರೋದಕ್ಕೆ ಅರ್ಧ ಕಾರಣ ಕಾಯಿಲೆಯಾದರೆ, ಉಳಿದದ್ದು ಮಂಚ. ಕಿಡ್ನಿ ಹೋದ ಮೈಯಲ್ಲಿ ಆಮ್ಲದ ಅಂಶ ಹೆಚ್ಚುತ್ತದೆ, ಅದು ಸ್ನಾಯುವನ್ನು ಕರಗಿಸುತ್ತದೆ. ಒಂದೊಂದು ಡಯಾಲಿಸಿಸ್‌ನಲ್ಲೂ ಸ್ನಾಯು ಕಟ್ಟುವ ಸಾಮಾನು ಕೆಲವು ಗ್ರಾಂ ನೀರಿನ ಜೊತೆ ಹೋಗಿಬಿಡುತ್ತದೆ. ಇದರ ಮೇಲೆ ವಾರಕ್ಕೆ ಮೂರು ದಿನ ಮಷಿನ್ ಪಕ್ಕ ಮಲಗೋದು, ಉಳಿದ ನಾಲ್ಕು ದಿನ "ಸುಸ್ತು ಆಗ್ಯಾರ, ಮಲಗಲಿ ಬಿಡು" ಅನ್ನೋದು. ತೊಡೆಯ ಸ್ನಾಯು ಮೊದಲು ಹೋಗುತ್ತದೆ. ತೊಡೆ ಹೋದರೆ ಏಳೋದು ಹೋಯಿತು, ಬಸ್ ಮೆಟ್ಟಿಲು ಹತ್ತೋದು ಹೋಯಿತು, ಆಮೇಲೆ ಬೀಳೋದು ಶುರು. ಇವರ ಮೂಳೆಯೂ ಗಟ್ಟಿ ಇರೋದಿಲ್ಲ.

ವ್ಯಾಯಾಮದಿಂದ ಕಿಡ್ನಿ ವಾಪಸ್ ಬರುತ್ತಾ? ಇಲ್ಲ. ಡಯಾಲಿಸಿಸ್ ಕಡಿಮೆಯಾಗುತ್ತಾ? ಅದೂ ಇಲ್ಲ. ಹಾಗೆ ಯಾರಾದರೂ ಹೇಳಿದರೆ ನಂಬಬೇಡಿ. ತೊಡೆಗೆ ಬಲ ಬರುತ್ತದೆ, ನಡೆಯುವ ದೂರ ಹೆಚ್ಚುತ್ತದೆ, ರಾತ್ರಿ ಕಾಲು ಎಳೆಯೋದು ಎಷ್ಟೋ ಜನರಿಗೆ ಕಡಿಮೆಯಾಗುತ್ತದೆ. ನನಗೆ ಅಷ್ಟು ಸಾಕು ಅನಿಸುತ್ತದೆ.

ನಾನು ಇಲ್ಲೇ ಕಲಬುರಗಿಯಲ್ಲಿ ಫಿಸಿಯೋಥೆರಪಿಸ್ಟ್. ಡಯಾಲಿಸಿಸ್ ವಾರ್ಡಿನಲ್ಲಿ ಪೆಡಲ್ ಹಿಡಿದುಕೊಂಡು ಓಡಾಡುವವಳು. ಹಾಗಾಗಿ ನಿಮ್ಮ ಸಿಸ್ಟರ್ ಹೇಳಿದ ಮಾತಿಗೆ ಬರುತ್ತೇನೆ. ಅವರು ಹೇಳಿದ್ದು ಸರಿ. ಸೂಜಿ ಇರೋದು ಎಡಗೈಯಲ್ಲಿ, ಕೆಲಸ ಮಾಡೋದು ಕಾಲು. ಎಡಗೈಯನ್ನು ದಿಂಬಿನ ಮೇಲೆ ಅಲ್ಲಾಡದ ಹಾಗೆ ಇಟ್ಟರೆ ಸೂಜಿಗೆ ಏನೂ ಆಗೋದಿಲ್ಲ. ಇದರಲ್ಲಿ ಒಂದು ಲಾಭವೂ ಇದೆ. ಕಾಲು ಆಡಿಸಿದಾಗ ತೊಡೆಯ ಸ್ನಾಯುವಿನಲ್ಲಿ ರಕ್ತ ಜೋರಾಗಿ ಹರಿಯುತ್ತದೆ. ಅಲ್ಲಿ ಕೂತಿದ್ದ ಕಸ ರಕ್ತಕ್ಕೆ ಬಂದು ಮಷಿನ್‌ಗೆ ಸಿಗುತ್ತದೆ. ಲಾಭ ದೊಡ್ಡದಲ್ಲ, ಆದರೆ ಹೇಗೂ ನಾಲ್ಕು ಗಂಟೆ ಛಾವಣಿಯ ಫ್ಯಾನ್ ನೋಡಿಕೊಂಡು ಮಲಗಿರಬೇಕು, ಅಲ್ವಾ?

ಒಂದು ಷರತ್ತು. ಪೆಡಲ್ ತುಳಿಯೋದು ಮೊದಲ ಎರಡು ಗಂಟೆಯೊಳಗೆ ಮುಗಿಯಬೇಕು. ಮಷಿನ್ ಹಚ್ಚಿ ಅರ್ಧ ಗಂಟೆ ಬಿಟ್ಟು, ಬಿಪಿ ನೋಡಿ ಶುರು ಮಾಡಬೇಕು. ಇದನ್ನು ನಾನು ಪುಸ್ತಕದಿಂದ ಕಲಿತಿದ್ದೆ, ಆದರೆ ಮನಸ್ಸಿಗೆ ಇಳಿದದ್ದು ಒಂದು ತಪ್ಪಿನಿಂದ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹಿರಿಯರ ಹತ್ತಿರ ಹೋಗುವಷ್ಟರಲ್ಲಿ ಮೂರು ಗಂಟೆ ದಾಟಿತ್ತು. "ಹತ್ತೇ ನಿಮಿಷ ರೀ" ಅಂತ ತುಳಿಸಿದೆ. ನಾಲ್ಕನೇ ನಿಮಿಷಕ್ಕೆ ಅವರು ಆಕಳಿಸಿದರು. ನಿದ್ದೆ ಅಂದುಕೊಂಡೆ. ಮರುಕ್ಷಣ ಹಣೆಯಲ್ಲಿ ಬೆವರು, ಮುಖ ಬಿಳಿ. ಬಿಪಿ 80ಕ್ಕೆ ಇಳಿದಿತ್ತು. ಟೆಕ್ನಿಷಿಯನ್ ಓಡಿಬಂದು ತಲೆ ತಗ್ಗಿಸಿ, ಸಲೈನ್ ಕೊಟ್ಟು ಉಳಿಸಿದರು. ಆ ಹೊತ್ತಿಗೆ ಮಷಿನ್ ಅವರ ರಕ್ತದಿಂದ ಎರಡು ಲೀಟರ್‌ಗೂ ಜಾಸ್ತಿ ನೀರು ತೆಗೆದಿತ್ತು. ಉಳಿದ ರಕ್ತವನ್ನು ನಾನು ಕಾಲಿಗೆ ಎಳೆದಿದ್ದೆ. ತಲೆಗೆ ಎಲ್ಲಿಂದ ಬರಬೇಕು? ಅಂದಿನಿಂದ ಮಷಿನ್ ಮೇಲೆ ಇರುವವರು ಸುಮ್ನೆ ಆಕಳಿಸಿದರೂ ನಾನು ಮೊದಲು ಬಿಪಿ ನೋಡುತ್ತೇನೆ.

ನಿಮ್ಮ ಅಪ್ಪನವರಿಗೆ ನಾನು ಹೀಗೆ ಶುರು ಮಾಡಿಸುತ್ತಿದ್ದೆ. ಮೊದಲ ವಾರ ಭಾರ ಇಲ್ಲದ ಪೆಡಲ್, 5 ನಿಮಿಷ ತುಳಿದು 5 ನಿಮಿಷ ಬಿಡುವು, ಮತ್ತೆ 5 ನಿಮಿಷ. ಅಷ್ಟೇ. ಪ್ರತಿ ಸಲ ಒಂದೆರಡು ನಿಮಿಷ ಏರಿಸುತ್ತಾ ಒಂದೂವರೆ, ಎರಡು ತಿಂಗಳಲ್ಲಿ 30 ನಿಮಿಷಕ್ಕೆ ಬಂದರೆ ಸಾಕು. ಹತ್ತು ನಿಮಿಷಕ್ಕೊಮ್ಮೆ ಬಿಪಿ. ಮೇಲಿನ ಬಿಪಿ 180 ದಾಟಿದ್ದರೆ, ಅಥವಾ 100ಕ್ಕಿಂತ ಕಡಿಮೆ ಇದ್ದರೆ ಆವತ್ತು ಬೇಡ. ಮಧ್ಯದಲ್ಲಿ ಬಿಪಿ 20 ಇಳಿದರೆ, ಮೀನಖಂಡ ಹಿಡಿದರೆ, ಎದೆ ಭಾರ ಅನಿಸಿದರೆ, ತಲೆ ತಿರುಗಿದರೆ ತಕ್ಷಣ ನಿಲ್ಲಿಸಬೇಕು. ಸೋಮವಾರ ಜಾಸ್ತಿ ನೀರು ತೆಗೆಯುವ ದಿನ, ಆದ್ದರಿಂದ ಮೊದಲ ತಿಂಗಳು ಪೆಡಲ್ ಬುಧವಾರ, ಶುಕ್ರವಾರ ಮಾತ್ರ ಇರಲಿ.

ಎಷ್ಟು ಜೋರಾಗಿ ತುಳಿಯಬೇಕು ಅನ್ನೋದಕ್ಕೆ ನಾಡಿ ಎಣಿಸಬೇಡಿ. ಬಿಪಿ ಮಾತ್ರೆಗಳಲ್ಲಿ ಕೆಲವು ನಾಡಿಯನ್ನು ಏರಲು ಬಿಡೋದಿಲ್ಲ, ಲೆಕ್ಕ ತಪ್ಪುತ್ತದೆ. ಪಕ್ಕದ ಬೆಡ್‌ನವರ ಜೊತೆ ಮಾತಾಡಲು ಬರಬೇಕು, ವಚನ ಹಾಡಲು ಬರಬಾರದು. ಅಷ್ಟು ಸಾಕು.

ನಿಮ್ಮ ಘಟಕದಲ್ಲಿ ಪೆಡಲ್ ಇಲ್ಲದಿದ್ದರೆ ಚಿಂತೆ ಬೇಡ. ಗಟ್ಟಿ ಬಟ್ಟೆಯಲ್ಲಿ ಅರ್ಧ ಕಿಲೋ ತೊಗರಿಬೇಳೆ ಹೊಲಿದು ಉದ್ದನೆಯ ಚೀಲ ಮಾಡಿ ಪಾದದ ಮೇಲ್ಗಡೆ, ಗಿಣ್ಣಿಗೆ ಕಟ್ಟಿ. ಮೊಣಕಾಲ ಕೆಳಗೆ ಸುತ್ತಿದ ಚಾದರ ಇಟ್ಟು, ನಿಧಾನ ಕಾಲು ನೀಟಿ, ಐದು ಎಣಿಸಿ, ನಿಧಾನ ಇಳಿಸಬೇಕು. ಒಂದೊಂದು ಕಾಲಿಗೆ 10 ಸಲ. ಎತ್ತುವಾಗ ಉಸಿರು ಬಿಡಬೇಕು, ಹಿಡಿಯಬಾರದು. ನಮ್ಮ ವಾರ್ಡಿನಲ್ಲಿ ಮರಳಿನ ಚೀಲಕ್ಕಿಂತ ಬೇಳೆ ಚೀಲವೇ ಜಾಸ್ತಿ. ಈ ಜಿಲ್ಲೆಯಲ್ಲಿ ಅದಕ್ಕೇನು ಬರ? ಓದುವ ಬೇರೆಯವರಿಗೂ ಒಂದು ಮಾತು: ಫಿಸ್ಟುಲಾ ಇಲ್ಲದೆ ತೊಡೆಸಂದಿಯಲ್ಲಿ ನಳಿಕೆ ಹಾಕಿದ್ದರೆ ಪೆಡಲ್, ಕಾಲೆತ್ತುವುದು ಎರಡೂ ಬೇಡವೇ ಬೇಡ.

ಮನೆಯ ದಿನಗಳದು ಇನ್ನೊಂದು ಲೆಕ್ಕ. ಡಯಾಲಿಸಿಸ್ ಮುಗಿದ ದಿನ ಸುಸ್ತು ಸಹಜ. ನೀರು, ಉಪ್ಪು, ಕಸ ಎಲ್ಲ ನಾಲ್ಕು ಗಂಟೆಯಲ್ಲಿ ಏರುಪೇರಾಗಿರುತ್ತದೆ. ರಕ್ತ ಹೆಪ್ಪುಗಟ್ಟದ ಔಷಧಿಯೂ ಕೆಲವು ಗಂಟೆ ಮೈಯಲ್ಲಿ ಇರುತ್ತದೆ. ಆವತ್ತು ಊರಿಗೆ ಹೋಗಿ ಊಟ ಮಾಡಿ ಮಲಗಲಿ, ಯಾರೂ ಏನೂ ಅನ್ನಬೇಡಿ. ಮರುದಿನ ಮುಂಜಾನೆ, ಅಂದರೆ ಮಂಗಳವಾರ, ಗುರುವಾರ, ಶನಿವಾರ, ಇವೇ ನಿಮಗೆ ಒಳ್ಳೆಯ ಹೊತ್ತು. ನೀರು ಕಡಿಮೆ, ಪೊಟ್ಯಾಸಿಯಮ್ ಹಿಡಿತದಲ್ಲಿ, ಬಿಪಿ ಒಂದು ಮಟ್ಟಕ್ಕೆ ಬಂದಿರುತ್ತದೆ. ಭಾನುವಾರ ಅಂಗಳದಲ್ಲಿ ಅಡ್ಡಾಡಿದರೆ ಸಾಕು. ಸೋಮವಾರ ಮುಂಜಾನೆ ಮನೆಯಿಂದ ಗಾಡಿಗೆ, ಗಾಡಿಯಿಂದ ಬೆಡ್‌ಗೆ. ವಾರಕ್ಕೆ ಎರಡೇ ಸಲ ಡಯಾಲಿಸಿಸ್ ಆಗುವವರು ನಮ್ಮ ಕಡೆ ಬಹಳ ಇದ್ದಾರೆ. ಅವರಿಗೆ ಎರಡೂ ಬಿಡುವು ಉದ್ದವೇ. ಡಯಾಲಿಸಿಸ್ ಆದ ಮಾರನೆಯ ದಿನ ಬಿಟ್ಟರೆ ಉಳಿದ ದಿನ ಹಗುರವಾಗಿಯೇ ಇರಬೇಕು.

ಈ ಮೂರು ದಿನ ಎರಡೇ ಕೆಲಸ. ಒಂದು, ನಡೆಯೋದು. 5 ನಿಮಿಷ ನಡೆದು ಕೂತು, ಮತ್ತೆ 5 ನಿಮಿಷ, ಹೀಗೆ ಮೂರು ಸಲ. ನಡೆಯುವ ದಾರಿಯಲ್ಲಿ ಕೂರಲು ಕಟ್ಟೆ ಇರಲಿ. ಇನ್ನೊಂದು, ಕುರ್ಚಿಯಿಂದ ಏಳೋದು. ಇದು ನಡಿಗೆಗಿಂತ ಮುಖ್ಯ ಅಂತ ನನ್ನ ಅಭಿಪ್ರಾಯ, ಯಾಕೆಂದರೆ ಹೋಗಿರೋದು ಅವರ ತೊಡೆ. ಗೋಡೆಗೆ ಒತ್ತಿ ಕುರ್ಚಿ ಇಡಿ. ಕೈ ಎದೆಯ ಮೇಲೆ ಕಟ್ಟಿಕೊಂಡು 5 ಸಲ ಎದ್ದು ಕೂರಲಿ. ನೀವು ಮೊಬೈಲಿನಲ್ಲಿ ಸಮಯ ನೋಡಿ. 15 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಕಾಲು ಸೋತಿದೆ ಅಂತ ಅರ್ಥ. ಕೈ ಊರದೆ ಏಳಲಾಗದಿದ್ದರೆ ಕುರ್ಚಿಯ ಮೇಲೆ ಮಡಿಚಿದ ಕೌದಿ ಇಟ್ಟು ಎತ್ತರ ಮಾಡಿ. ವಾರ ಕಳೆದಂತೆ ಒಂದೊಂದು ಮಡಿಕೆ ತೆಗೆಯಿರಿ.

ಸೇಡಂ ಕಡೆಯ ಒಬ್ಬ ಗೌಂಡಿ ನೆನಪಾಗುತ್ತಾರೆ. ನಿಮ್ಮ ಅಪ್ಪನ ಹಾಗೆಯೇ ಶುಗರ್, ಎಡಗೈ ಫಿಸ್ಟುಲಾ. ಮೊದಲ ದಿನ ಐದು ಸಲ ಏಳಲು ಅವರಿಗೆ 24 ಸೆಕೆಂಡು ಬೇಕಾಯಿತು, ಕೊನೆಯ ಸಲ ನನ್ನ ಭುಜ ಹಿಡಿದರು. ಕೌದಿ ಇಟ್ಟು ದಿನಕ್ಕೆ ಎರಡು ಸಲ, ಐದೈದರಂತೆ. ಆರನೇ ವಾರಕ್ಕೆ 19. ಆಮೇಲೆ ಫಿಸ್ಟುಲಾ ಹತ್ತಿರ ಸೋಂಕಾಗಿ ಜ್ವರ ಬಂತು, ಮೂರು ವಾರ ಎಲ್ಲ ನಿಲ್ಲಿಸಿದೆವು, ಮತ್ತೆ 22ಕ್ಕೆ ಹೋಯಿತು. ಮತ್ತೆ ಶುರು. ಐದು ತಿಂಗಳಿಗೆ 14. ಅವರಿಗೆ ಸೆಕೆಂಡಿನ ಲೆಕ್ಕ ಬೇಕಿರಲಿಲ್ಲ. "ಬಸ್ಸಿನಾಗ ಯಾರ್ದೂ ಕೈ ಹಿಡೀಲಾರ್ದ ಹತ್ತೀನ್ರಿ ಮೇಡಂ" ಅಂದರು. ಜ್ವರ ಇದ್ದಾಗ, ಒಂದು ಡಯಾಲಿಸಿಸ್ ತಪ್ಪಿದಾಗ, ಮಲಗಿದರೆ ಉಸಿರು ಕಟ್ಟುವಾಗ ಹಟ ಹಿಡಿದು ಮುಂದುವರಿಸಬಾರದು ಅಂತ ಹೇಳಲು ಈ ಮೂರು ವಾರದ ಮಾತು ಎತ್ತಿದೆ.

ಫಿಸ್ಟುಲಾ ಕೈಯಿಂದ ಏನೂ ಎತ್ತಬಾರದು, ಅಲ್ಲಾಡಿಸಲೇಬಾರದು ಅಂತ ಊರಲ್ಲಿ ಹೇಳುತ್ತಾರೆ. ಇದರಲ್ಲಿ ಅರ್ಧ ಮಾತ್ರ ನಿಜ. ಆಪರೇಷನ್ ಆದ ಮೊದಲ ವಾರಗಳಲ್ಲಿ, ಮತ್ತು ಡಯಾಲಿಸಿಸ್ ಆದ ದಿನ ಸೂಜಿ ಜಾಗಕ್ಕೆ ಪಟ್ಟಿ ಇರುವಾಗ, ಭಾರ ಬೇಡ. ಗಾಯ ಮಾಗಿದ ಮೇಲೆ ಆ ಕೈಯನ್ನು ಬಳಸಲೇಬೇಕು. ಮೆತ್ತನೆಯ ಚೆಂಡು ಹಿಚುಕುವುದು, ಒಂದೆರಡು ಕೆಜಿ ನಿಧಾನ ಎತ್ತುವುದು ನಾಳಕ್ಕೆ ಒಳ್ಳೆಯದೇ. ಬೇಡದ್ದು ಏನೆಂದರೆ, ತೋಳಿಗೆ ಚೀಲ ನೇತುಹಾಕಿಕೊಳ್ಳೋದು, ನೀರಿನ ಕೊಡ ಹೊರೋದು, ಬಿಗಿ ವಾಚು, ಆ ಕೈ ಮೇಲೆ ತಲೆ ಇಟ್ಟು ಮಲಗೋದು, ಅದರಲ್ಲಿ ಬಿಪಿ ನೋಡಿಸೋದು. ಸೂರ್ಯನಮಸ್ಕಾರದಲ್ಲಿ ಮಣಿಕಟ್ಟಿನ ಮೇಲೆ ಇಡೀ ಮೈಭಾರ ಬೀಳುತ್ತದೆ, ಅದನ್ನೂ ಬಿಡಲಿ. ವ್ಯಾಯಾಮದ ಮುಂಚೆ, ನಂತರ ಫಿಸ್ಟುಲಾ ಮೇಲೆ ಬೆರಳಿಟ್ಟು ಝರಝರ ಅನ್ನುತ್ತಾ ನೋಡಿ. ಆ ಝರಝರ ನಿಂತಿದ್ದರೆ ನಾಳೆ ಬೆಳಿಗ್ಗೆ ಅನ್ನಬೇಡಿ, ಅದೇ ಗಂಟೆಗೆ ಆಸ್ಪತ್ರೆಗೆ ಹೊರಡಿ. ಬೇಗ ಹೋದರೆ ನಾಳ ತೆರೆಯುವ ಸಾಧ್ಯತೆ ಜಾಸ್ತಿ.

ನಮ್ಮ ಬಿಸಿಲಿನ ಬಗ್ಗೆ ಹೇಳದಿದ್ದರೆ ಉತ್ತರ ಅರ್ಧ ಆಗುತ್ತದೆ. ಏಪ್ರಿಲ್, ಮೇನಲ್ಲಿ ಇಲ್ಲಿ 42 ಡಿಗ್ರಿ ದಾಟೋದು ಹೊಸದಲ್ಲ. ಆಗ ನಡಿಗೆ ಬೆಳಿಗ್ಗೆ ಆರೂವರೆಯೊಳಗೆ ಮುಗಿಯಲಿ, ಇಲ್ಲವೇ ಮನೆಯೊಳಗೆ ಕುರ್ಚಿ ವ್ಯಾಯಾಮ ಸಾಕು. ನಿಜವಾದ ಅಪಾಯ ನಡೆದು ಬಂದ ಮೇಲಿನದು. ಬಾಯಾರಿಕೆ. ಪಾಪ ಅಂತ ಯಾರೋ ಎಳನೀರು ಕೊಡುತ್ತಾರೆ. ಎಳನೀರಿನಲ್ಲಿ ಪೊಟ್ಯಾಸಿಯಮ್ ತುಂಬಿದೆ. ಇವರಿಗೆ ಅದು ಔಷಧಿಯಲ್ಲ, ಅಪಾಯ. ಓಆರ್‌ಎಸ್ ಪುಡಿ, ಹಣ್ಣಿನ ಜ್ಯೂಸ್ ಕೂಡ ಹಾಗೆಯೇ. ದಿನಕ್ಕೆ ಡಾಕ್ಟರ್ ಹೇಳಿದ ನೀರಿನ ಅಳತೆ ಇದೆಯಲ್ಲ, ಸಾಮಾನ್ಯವಾಗಿ ಬರುವ ಮೂತ್ರದಷ್ಟು ಮತ್ತು ಅರ್ಧ ಲೀಟರ್, ಅದರಲ್ಲೇ ಒಂದು ಸಣ್ಣ ಲೋಟ ನಡಿಗೆಯ ನಂತರಕ್ಕೆ ಎತ್ತಿಡಿ. ಬಾಯಿ ಮುಕ್ಕಳಿಸಿ ಉಗುಳಲಿ, ಒಂದು ಐಸ್ ತುಂಡು ಚೀಪಲಿ. ಎರಡು ಡಯಾಲಿಸಿಸ್ ಮಧ್ಯೆ ನಿಮ್ಮ ಅಪ್ಪನ ತೂಕ ಎರಡೂವರೆ ಕೆಜಿ ಒಳಗೆ ಏರಿದರೆ ನಾನು ಖುಷಿಯಾಗಿ ಪೆಡಲ್ ಕೊಡುತ್ತೇನೆ. ಆ ಸೋಮವಾರದ 3.4ರ ಹಿಂದೆ ನೀರಿಗಿಂತ ಉಪ್ಪೇ ಇರಬಹುದು. ರೊಟ್ಟಿ ಜೊತೆ ದಿನಾ ಉಪ್ಪಿನಕಾಯಿ, ಶೇಂಗಾ ಹಿಂಡಿ ನಡೆಯುತ್ತಿದೆಯಾ ಅಂತ ಅಮ್ಮನವರನ್ನು ಕೇಳಿ ನೋಡಿ.

ಊಟದಲ್ಲಿ ಇನ್ನೊಂದು ಎಡವಟ್ಟು ನಮ್ಮ ಕಡೆ ಮಾಮೂಲು. ಡಯಾಲಿಸಿಸ್ ಶುರುವಾಗುವ ಮುಂಚೆ "ಬೇಳೆ ಕಡಿಮೆ ಮಾಡಿ" ಅಂತ ಹೇಳಿರುತ್ತಾರೆ. ಶುರುವಾದ ಮೇಲೂ ಮನೆಯಲ್ಲಿ ಅದನ್ನೇ ಹಿಡಿದಿರುತ್ತಾರೆ. ಈಗ ಲೆಕ್ಕ ಉಲ್ಟಾ. ಅವರ ತೂಕಕ್ಕೆ ದಿನಕ್ಕೆ ಸುಮಾರು 60ರಿಂದ 70 ಗ್ರಾಂ ಪ್ರೋಟೀನ್ ಬೇಕು. ಅದಿಲ್ಲದೆ ವ್ಯಾಯಾಮ ಮಾಡಿಸಿದರೆ ಸ್ನಾಯು ಕಟ್ಟೋದಿಲ್ಲ. ಮೊಟ್ಟೆಯ ಬಿಳಿ ಭಾಗ ಒಳ್ಳೆಯದು. ಮೊಟ್ಟೆ ತಿನ್ನದ ಮನೆಯಾದರೆ ಬೇಳೆ, ಮೊಸರು ಎಷ್ಟು ಅಂತ ಡಯಟಿಷಿಯನ್ ಹತ್ತಿರ ಕೂತು ಬರೆಸಿಕೊಳ್ಳಿ, ಯಾಕೆಂದರೆ ಪೊಟ್ಯಾಸಿಯಮ್, ಫಾಸ್ಫರಸ್ ಎರಡನ್ನೂ ನೋಡಬೇಕು. ಅಂಗಡಿಯ ಪ್ರೋಟೀನ್ ಪುಡಿ ನೀವೇ ತರಬೇಡಿ.

ಇನ್ಸುಲಿನ್ ತಗೊಳ್ಳುತ್ತಿದ್ದರೆ ಇದನ್ನು ನೆನಪಿಡಿ: ಕಿಡ್ನಿ ಇಲ್ಲದವರ ಮೈಯಲ್ಲಿ ಇನ್ಸುಲಿನ್ ಜಾಸ್ತಿ ಹೊತ್ತು ಉಳಿಯುತ್ತದೆ. ನಡೆದು ಬಂದು ಎಷ್ಟೋ ಗಂಟೆ ಆದ ಮೇಲೆ ಶುಗರ್ ಇಳಿಯಬಹುದು. ಹೊರಡುವ ಮುಂಚೆ ನೋಡಿ, 100ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದು ಹೋಗಲಿ. 250 ದಾಟಿದ್ದರೆ ಆವತ್ತು ಬೇಡ. ಕೈ ನಡುಗಿ ಬೆವರಿದರೆ ಮೂರು ಚಮಚ ಸಕ್ಕರೆಯನ್ನು ಸ್ವಲ್ಪ ನೀರಿನಲ್ಲಿ ಕೊಡಿ, ಜ್ಯೂಸ್ ಅಲ್ಲ. ಬರಿಗಾಲಲ್ಲಿ ನಡೆಸಬೇಡಿ, ಬಂದ ಮೇಲೆ ಅಂಗಾಲು ನೋಡಿ.

ಮೊದಲ ವಾರ ತೊಡೆ ನೋಯುತ್ತದೆ. ಆಗ ಮೆಡಿಕಲ್ ಅಂಗಡಿಯಿಂದ ನೋವಿನ ಮಾತ್ರೆ ತರಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಅಂಥವು ಉಳಿದಿರುವ ಅಷ್ಟಿಷ್ಟು ಮೂತ್ರವನ್ನೂ ನಿಲ್ಲಿಸಬಹುದು. ದಿನಕ್ಕೆ ಒಂದು ಲೋಟ ಮೂತ್ರ ಬರುತ್ತಿದ್ದರೂ ಅದು ದೊಡ್ಡ ಆಸ್ತಿ. ಬಿಸಿ ಬಟ್ಟೆ ಒತ್ತಿ. ಬೇಕೇ ಬೇಕು ಅಂದರೆ ಪ್ಯಾರಾಸಿಟಮಾಲ್, ಅದೂ ಡಾಕ್ಟರನ್ನು ಕೇಳಿ.

ಡಯಾಲಿಸಿಸ್ ಇನ್ನೂ ಶುರುವಾಗದ ಓದುಗರಿಗೂ ನಾಲ್ಕು ಮಾತು. ನಡಿಗೆ, ಸೈಕಲ್‌ನಿಂದ ಕಿಡ್ನಿ ಬೇಗ ಹಾಳಾಗೋದಿಲ್ಲ. ಹೃದಯ ತಡೆದುಕೊಳ್ಳುವಂತಿದ್ದರೆ ವಾರಕ್ಕೆ 150 ನಿಮಿಷ ಆರಾಮಾಗಿ ಮಾಡಿ. ಆದರೆ ರಕ್ತ ಪರೀಕ್ಷೆಯ ಹಿಂದಿನ ದಿನ ಜೋರು ಕೆಲಸ ಬೇಡ, ಕ್ರಿಯಾಟಿನಿನ್ ಸುಮ್ನೆ ಏರಿ ಕಾಣಿಸಿ ಹೆದರಿಸುತ್ತದೆ. ನಿಮಗೆ ಅಪಾಯ ಬೇರೆ ಕಡೆ ಇದೆ: ರಾಶಿ ಕಾಲದಲ್ಲಿ ನೀರೇ ಕುಡಿಯದೆ ಬಿಸಿಲಲ್ಲಿ ದುಡಿಯೋದು. ಅದು ಉಳಿದ ಕಿಡ್ನಿಯನ್ನೂ ಒಂದೇ ದಿನದಲ್ಲಿ ಕೆಳಗಿಳಿಸಬಹುದು.

ಈಗ ನಿಮ್ಮ ಕೆಲಸ. ನಾಳೆ ಡಾಕ್ಟರ್‌ಗೆ ಆ ಘಟನೆ ಹೇಳುವಾಗಲೇ ಇಸಿಜಿ, ಎಕೋ, ಕಣ್ಣು, ಹಿಮೋಗ್ಲೋಬಿನ್, ಈ ನಾಲ್ಕನ್ನೂ ಕೇಳಿ. ಅವರು ಹೂಂ ಅಂದರೆ, ಮುಂದಿನ ಗುರುವಾರ ಮುಂಜಾನೆ ಅಪ್ಪನವರನ್ನು ಕುರ್ಚಿಯಲ್ಲಿ ಕೂರಿಸಿ ಐದು ಸಲ ಏಳಿಸಿ ಸೆಕೆಂಡು ಎಣಿಸಿ. ಡಯಾಲಿಸಿಸ್ ತೂಕ ಬರೆಯುವ ಪುಸ್ತಕ ಇದೆಯಲ್ಲ, ಅದರ ಹಿಂಬದಿಯಲ್ಲಿ ತಾರೀಕು ಹಾಕಿ ಬರೆದಿಡಿ. ತಿಂಗಳು ಬಿಟ್ಟು ಇನ್ನೊಂದು ಗುರುವಾರ ಎಣಿಸಿ, ಎರಡೂ ಸಂಖ್ಯೆ ನನಗೆ ಕಳಿಸಿ.